ಅವಧಿಯ ನಡುವೆ ಅಧ್ಯಕ್ಷಸ್ಥಾನ ಬಿಡುವಾಗ ಸಂಘದ ಹಣ ಮತ್ತು ದಾಖಲೆಗಳ ಹಸ್ತಾಂತರ

ಪ್ರಶ್ನೆ (ತುಮಕೂರಿನಿಂದ)

ನಾನು ಇಲ್ಲಿನ ಒಂದು ನೋಂದಾಯಿತ ಕನ್ನಡ ಸಂಘದ ಅಧ್ಯಕ್ಷೆ. ಮಗಳಿರುವ ಊರಿಗೆ ಹೋಗಿ ನೆಲೆಸಬೇಕಾಗಿರುವುದರಿಂದ ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಡುತ್ತಿದ್ದೇನೆ. ಬ್ಯಾಂಕ್ ಖಾತೆಗೆ ನಾನು ಮತ್ತು ಖಜಾಂಚಿ ಜಂಟಿಯಾಗಿ ಸಹಿ ಮಾಡುತ್ತೇವೆ. ದತ್ತಿನಿಧಿಯ ಎರಡು ಠೇವಣಿಗಳಲ್ಲಿ ಒಂದು ಹಿಂದಿನ ಅಧ್ಯಕ್ಷರ ಹೆಸರಿನಲ್ಲೇ ಇದೆ. ರಾಜ್ಯೋತ್ಸವದ ಕೆಲವು ಚೆಕ್ಕುಗಳು ಇನ್ನೂ ನಗದಾಗಿಲ್ಲ. ನಾಳೆ ಯಾರೂ ಬೆರಳು ತೋರಿಸದಂತೆ ಎಲ್ಲವನ್ನೂ ಒಪ್ಪಿಸಿ ಹೋಗಬೇಕೆಂಬುದು ನನ್ನ ಆಸೆ. ಈ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ, ಸಂಘವೊಂದರ ಮಾಜಿ ಕಾರ್ಯದರ್ಶಿ

ಮೇಡಂ, ರಾಜೀನಾಮೆ ಪತ್ರವನ್ನು ಕಾರ್ಯದರ್ಶಿಯವರ ಹೆಸರಿಗೆ ಬರೆದು, ಇನ್ನೊಂದು ಪ್ರತಿಯ ಮೇಲೆ ಅವರಿಂದ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಮತ್ತೊಂದು ಪ್ರತಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅಂದಿನಿಂದ ನಿಮ್ಮ ಜವಾಬ್ದಾರಿ ಮುಗಿಯುತ್ತದೆ. ಉಳಿದದ್ದೆಲ್ಲ ಹೊಸಬರ ಕೆಲಸ.

ಮೈಸೂರಿನಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ, ಸಂಘದ ಮಾಜಿ ಅಧ್ಯಕ್ಷ

ಸ್ವೀಕೃತಿ ಪಡೆಯಬೇಕೆಂದು ದಾವಣಗೆರೆಯ ಮಿತ್ರರು ಹೇಳಿದ್ದು ಸರಿಯಾಗಿದೆ. ಆದರೆ ಅಂಚೆ ರಸೀದಿಯೊಂದಿಗೆ ಜವಾಬ್ದಾರಿ ಮುಗಿಯುತ್ತದೆ ಎಂಬುದನ್ನು ನಾನು ಒಪ್ಪಲಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ವಾರ್ಷಿಕ ಸರ್ವಸದಸ್ಯರ ಸಭೆ ನಡೆದ 14 ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಲೆಕ್ಕಪತ್ರಗಳೊಂದಿಗೆ ಆ ಕಚೇರಿಗೆ ಸಲ್ಲಿಸಬೇಕು, ಮತ್ತು ಹೊರಗಿನವರು ನೋಡುವುದು ಆ ಪಟ್ಟಿಯನ್ನೇ. ಬ್ಯಾಂಕಿನ ಮಟ್ಟಿಗಂತೂ ಹೊಸ ಸಹಿಗಳು ದಾಖಲಾಗುವವರೆಗೆ ಖಾತೆಯ ಅಧ್ಯಕ್ಷೆ ನೀವೇ ಆಗಿರುತ್ತೀರಿ.

ಹೀಗಾಗಿ ಇಲ್ಲಿ ಮುಖ್ಯವಾದದ್ದು ಯಾವ ಕೆಲಸದ ನಂತರ ಯಾವ ಕೆಲಸ ಎಂಬುದು. ಮೊದಲು ರಾಜೀನಾಮೆಯನ್ನು ಸಮಿತಿಯ ಸಭೆಯಲ್ಲಿ ಮಂಡಿಸಿ, ಅದು ಯಾವ ದಿನಾಂಕದಿಂದ ಜಾರಿಗೆ ಬರುತ್ತದೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ. ತೆರವಾದ ಸ್ಥಾನವನ್ನು ಸಮಿತಿಯೇ ತುಂಬಬಹುದೋ, ಸರ್ವಸದಸ್ಯರ ಸಭೆ ಕರೆಯಬೇಕೋ ಎಂಬುದು ನಿಮ್ಮ ಬೈಲಾದಲ್ಲಿರುತ್ತದೆ. ಅದನ್ನು ಓದದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಉತ್ತರಾಧಿಕಾರಿಯ ಆಯ್ಕೆ, ಖಾತೆಯ ಸಹಿದಾರರ ಬದಲಾವಣೆ ಮತ್ತು ಹಸ್ತಾಂತರದ ದಿನಾಂಕ ಮೂರನ್ನೂ ನಿರ್ಣಯಗಳಾಗಿ ಅಂಗೀಕರಿಸಿದ ಮೇಲೆ ಬ್ಯಾಂಕಿಗೆ ಹೋಗಬೇಕು. ಇದಕ್ಕೆ ಬದಲಾಗಿ ಇಂದೇ ರಾಜೀನಾಮೆ ಕೊಟ್ಟು ಊರು ಬಿಟ್ಟರೆ, ಜಂಟಿ ಸಹಿಯ ಖಾತೆಯಲ್ಲಿ ಒಬ್ಬರ ಸಹಿ ಇಲ್ಲದಂತಾಗಿ ಸಭಾಂಗಣದ ಬಾಡಿಗೆ ಕೊಡಲೂ ಆಗದ ಸ್ಥಿತಿ ಬರುತ್ತದೆ. ನಾನು ಕೆಲಸ ಮಾಡಿದ ಶಾಖೆಗಳಲ್ಲಿ ಸಂಘಗಳ ಖಾತೆಗಳು ಹೀಗೆ ತಿಂಗಳುಗಟ್ಟಲೆ ನಿಂತದ್ದನ್ನು ಕಂಡಿದ್ದೇನೆ.

ಇನ್ನು ಚೆಕ್ಕುಗಳ ವಿಷಯ. ಹಸ್ತಾಂತರಕ್ಕೆ ಒಂದು ದಿನಾಂಕವನ್ನು ಗೊತ್ತುಮಾಡಿ, ಆ ದಿನದ ಸಂಜೆಗೆ ನಗದು ಪುಸ್ತಕವನ್ನು ಮುಚ್ಚಿ, ಬ್ಯಾಂಕಿನ ಶಿಲ್ಕಿನೊಂದಿಗೆ ತಾಳೆ ನೋಡಬೇಕು. ಒಂದು ಉದಾಹರಣೆ ಕೊಡುತ್ತೇನೆ. ಡಿಸೆಂಬರ್ 31ರಂದು ಪಾಸ್‌ಬುಕ್ಕಿನಲ್ಲಿ ₹2,31,600 ಇದೆ, ನಿಮ್ಮ ಪುಸ್ತಕದಲ್ಲಿ ₹1,84,600 ಇದೆ ಎನ್ನೋಣ. ಶಾಮಿಯಾನದವರಿಗೆ ಕೊಟ್ಟ ₹32,000, ಮುದ್ರಣಾಲಯಕ್ಕೆ ಕೊಟ್ಟ ₹12,000, ವಿದ್ಯಾರ್ಥಿ ಪುರಸ್ಕಾರದ ₹5,000, ಈ ಮೂರು ಚೆಕ್ಕುಗಳು ಇನ್ನೂ ಬ್ಯಾಂಕಿಗೆ ಬಂದಿಲ್ಲ, ಒಟ್ಟು ₹49,000. ದಾನಿಯೊಬ್ಬರ ₹2,000ದ ಚೆಕ್ಕನ್ನು ನೀವು ಕಟ್ಟಿದ್ದೀರಿ, ಇನ್ನೂ ಜಮೆಯಾಗಿಲ್ಲ. ಪಾಸ್‌ಬುಕ್ಕಿನ ಮೊತ್ತದಲ್ಲಿ 49,000 ಕಳೆದು 2,000 ಕೂಡಿದರೆ ನಿಮ್ಮ ಪುಸ್ತಕದ ಮೊತ್ತವೇ ಬರುತ್ತದೆ. ಈ ನಾಲ್ಕು ಸಾಲುಗಳನ್ನು ಬರೆದಿಡದೆ ಹೋದರೆ, ಹೊಸ ಅಧ್ಯಕ್ಷರು ಪಾಸ್‌ಬುಕ್ ನೋಡಿ ₹2,31,600 ಕೈಗೆ ಬಂತೆಂದು ನಂಬುತ್ತಾರೆ, ಮುಂದೆ ಅದರಿಂದ ₹49,000 ಹೊರಗೆ ಹೋದಾಗ ಸಂಶಯ ನಿಮ್ಮ ಮೇಲೆ ಬರುತ್ತದೆ.

ಆ ಮೂರು ಚೆಕ್ಕುಗಳಿಗೆ ಇನ್ನೊಂದು ಅಪಾಯವೂ ಇದೆ. ಚೆಕ್ಕಿನ ಬಾಳಿಕೆ ಅದರ ದಿನಾಂಕದಿಂದ ಮೂರು ತಿಂಗಳು ಮಾತ್ರ, ಅಷ್ಟರೊಳಗೆ ಸಹಿದಾರರು ಬದಲಾದರೆ ನಿಮ್ಮ ಸಹಿಯ ಚೆಕ್ಕು ಸಹಿ ಹೊಂದುತ್ತಿಲ್ಲವೆಂದು ವಾಪಸ್ಸಾಗಬಹುದು. ಪಡೆದವರಿಗೆ ಇಂದೇ ಫೋನ್ ಮಾಡಿ ಚೆಕ್ಕು ಹಾಕಲು ಹೇಳಿ. ಆಗಲೂ ಉಳಿದವುಗಳ ಸಂಖ್ಯೆ, ದಿನಾಂಕ, ಮೊತ್ತ ಬರೆದು, ಬದಲಾವಣೆಗೆ ಮುಂಚೆ ಕೊಟ್ಟ ಇವನ್ನು ಪಾವತಿಸಬೇಕೆಂದು ಕೋರುವ ಪತ್ರವನ್ನು ಸಹಿ ಬದಲಾವಣೆಯ ಅರ್ಜಿಯ ಜೊತೆಗೇ ಕೊಡಿ. ಶಾಖೆ ಒಪ್ಪದಿದ್ದರೆ ಹಳೆಯದನ್ನು ಹಿಂಪಡೆದು ಹೊಸ ಸಹಿಗಳಲ್ಲಿ ಬೇರೆ ಚೆಕ್ಕು ಕೊಡುವುದೇ ದಾರಿ. ಖಾಲಿ ಚೆಕ್ಕುಗಳಲ್ಲಿ ಯಾವುದಕ್ಕೂ ಮುಂಗಡವಾಗಿ ಸಹಿ ಹಾಕಿ ಬಿಟ್ಟು ಹೋಗಬೇಡಿ. ಖಜಾಂಚಿ ಎಷ್ಟೇ ನಂಬಿಕಸ್ತರಾಗಿದ್ದರೂ ಇದು ಅವರನ್ನೂ ನಿಮ್ಮನ್ನೂ ತೊಂದರೆಗೆ ಸಿಲುಕಿಸುವ ಕೆಲಸ.

ಕೈಯಲ್ಲಿರುವ ನಗದನ್ನು ಪೂರ್ತಿ ಖಾತೆಗೆ ಕಟ್ಟಿ, ನಗದು ಶಿಲ್ಕು ಸೊನ್ನೆ ಎಂದು ಬರೆದು ಒಪ್ಪಿಸುವುದು ಉತ್ತಮ.

ಹುಬ್ಬಳ್ಳಿಯಿಂದ, ಈಚೆಗೆ ಅಧ್ಯಕ್ಷರಾದವರು

ನಮ್ಮಲ್ಲೂ ಇದೇ ಸಮಸ್ಯೆ. ಹಿಂದಿನವರು ಪುಸ್ತಕಗಳನ್ನು ಕೊಡದಿದ್ದರೆ ನೀವು ಸುಮ್ಮನಿರಬಾರದು. ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಸಹಿ ಮಾಡಿ ಅರ್ಜಿ ಕೊಟ್ಟರೆ, ಕಾಯ್ದೆಯ 25ನೇ ಕಲಮಿನ ಪ್ರಕಾರ ನೋಂದಣಾಧಿಕಾರಿಗಳು ವಿಚಾರಣೆ ನಡೆಸಲೇಬೇಕು. ನಾವು ಅದಕ್ಕಾಗಿ ಸಹಿ ಸಂಗ್ರಹಿಸುತ್ತಿದ್ದೇವೆ. ನಮಗೆ ಸಿಕ್ಕಿದ್ದು ಒಂದು ನಡಾವಳಿ ಪುಸ್ತಕ ಮತ್ತು ಅರ್ಧ ಬಳಸಿದ ರಸೀದಿ ಪುಸ್ತಕಗಳು ಮಾತ್ರ. ಎಷ್ಟು ರಸೀದಿ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದರೆಂಬುದಕ್ಕೆ ಲೆಕ್ಕವೇ ಇಲ್ಲದ್ದರಿಂದ, ಊರಿನಲ್ಲಿ ಯಾರ ಕೈಯಲ್ಲಿ ನಮ್ಮ ಸಂಘದ ರಸೀದಿ ಇದೆಯೋ ಎಂಬ ಚಿಂತೆ ನಮಗೆ ದಿನವೂ ಇದೆ.

ಬೆಂಗಳೂರಿನಿಂದ, ಸಂಘ ಸಂಸ್ಥೆಗಳ ಲೆಕ್ಕ ನೋಡುವವರು

ಹುಬ್ಬಳ್ಳಿಯವರೇ, ಇವರು ಪುಸ್ತಕ ಪಡೆಯುವವರಲ್ಲ, ಕೊಡುವವರು. ಆದರೂ ರಸೀದಿ ಪುಸ್ತಕದ ಬಗ್ಗೆ ನೀವು ಹೇಳಿದ್ದು ಇವರಿಗೆ ಬಹಳ ಉಪಯುಕ್ತ. ಹಸ್ತಾಂತರ ಪಟ್ಟಿಯಲ್ಲಿ "ರಸೀದಿ ಪುಸ್ತಕಗಳು" ಎಂದಷ್ಟೇ ಬರೆಯುವುದು ಸಾಲದು. ಮುದ್ರಣಾಲಯದ ಬಿಲ್ಲಿನಂತೆ ಒಟ್ಟು ಎಷ್ಟು ಪುಸ್ತಕ, ಮುಗಿದವು ಯಾವುವು, ಬಳಕೆಯಲ್ಲಿರುವ ಪುಸ್ತಕದ ಕೊನೆಯ ರಸೀದಿ ಸಂಖ್ಯೆ ಏನು, ಖಾಲಿ ಇರುವವು ಯಾವುವು ಎಂದು ಸಂಖ್ಯೆ ಸಹಿತ ಬರೆದು, ಕೊನೆಯ ರಸೀದಿಯ ಹಿಂಬದಿಯಲ್ಲಿ ಇಬ್ಬರೂ ಸಹಿ ಮಾಡಿ. ಸಮಿತಿಯ ಯಾರಾದರೂ ರಾಜ್ಯೋತ್ಸವಕ್ಕೆ ಮುಂಗಡ ಪಡೆದು ವೋಚರ್ ಕೊಟ್ಟಿಲ್ಲದಿದ್ದರೆ ಅವರ ಹೆಸರು, ಮೊತ್ತವೂ ಪಟ್ಟಿಯಲ್ಲಿರಲಿ. ಅದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಪಡೆದು ಖರ್ಚು ಮಾಡಿದ್ದರೆ, ಹಣ ಬಳಕೆ ಪ್ರಮಾಣಪತ್ರಕ್ಕೆ ನೀವೇ ಸಹಿ ಮಾಡಿ ಹೋಗುವುದು ನ್ಯಾಯ. ತಾವು ನೋಡದ ಖರ್ಚಿಗೆ ಹೊಸಬರು ಸಹಿ ಮಾಡಬೇಕಾದ ಪ್ರಸಂಗ ಬರಬಾರದು.

ಈಗ ಠೇವಣಿ. ರಸೀದಿಯನ್ನು ಕೈಗೆ ತೆಗೆದುಕೊಂಡು ಹೆಸರು ಹೇಗಿದೆ ಎಂದು ನೋಡಿ. "ಅಧ್ಯಕ್ಷರು, ಇಂತಹ ಸಂಘ" ಎಂದಿದ್ದು ಸಂಘದ ಪ್ಯಾನ್ ಸಂಖ್ಯೆ ಜೋಡಣೆಯಾಗಿದ್ದರೆ ಅದು ಸಂಘದ್ದೇ ಹಣ. ಸಹಿ ಬದಲಾದರೆ ಸಾಕು. ಹಿಂದಿನ ಅಧ್ಯಕ್ಷರ ಸ್ವಂತ ಹೆಸರು, ಸ್ವಂತ ಪ್ಯಾನ್ ಇದ್ದರೆ ಬ್ಯಾಂಕಿನ ದೃಷ್ಟಿಯಲ್ಲಿ ಅದು ಅವರದೇ ಹಣ. ಅದರ ಬಡ್ಡಿ ಅವರ ಆದಾಯವಾಗಿ ತೋರುತ್ತದೆ, ಮೂಲದಲ್ಲಿ ಕಡಿತವಾದ ತೆರಿಗೆ ಅವರ ಲೆಕ್ಕಕ್ಕೆ ಹೋಗುತ್ತದೆ, ಅವರಿಗೇನಾದರೂ ಆದರೆ ನಾಮನಿರ್ದೇಶಿತರು ಅಥವಾ ವಾರಸುದಾರರು ಕೇಳುತ್ತಾರೆ. ಅವರು ಗಟ್ಟಿಮುಟ್ಟಾಗಿರುವಾಗಲೇ ಮನೆಗೆ ಹೋಗಿ ಕೇಳಿಕೊಳ್ಳಿ. ಈ ಹಣ ಸಂಘದ ಇಂತಹ ದತ್ತಿಯದೆಂದು ಒಂದು ಪತ್ರ ಬರೆಸಿಕೊಂಡು, ಠೇವಣಿಯನ್ನು ಮುರಿಸಿ ಸಂಘದ ಖಾತೆಗೆ ಜಮೆ ಮಾಡಿಸಿ, ಅದೇ ದಿನ ಸಂಘದ ಹೆಸರಿನಲ್ಲಿ ಹೊಸ ಠೇವಣಿ ಇಡಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಗಬಹುದು. ಆ ನಷ್ಟವನ್ನು ಸಮಿತಿ ಮುಂಚೆಯೇ ನಿರ್ಣಯದಲ್ಲಿ ಒಪ್ಪಿಕೊಳ್ಳಲಿ. ದಾನಿಯ ದತ್ತಿಪತ್ರವನ್ನು ಹುಡುಕಿ ಜೊತೆಗಿಡಿ. ಬಡ್ಡಿಯಿಂದ ಯಾವ ಪುರಸ್ಕಾರ ಕೊಡಬೇಕು, ಮೂಲಧನ ಮುಟ್ಟಬಾರದು ಎಂಬ ಷರತ್ತು ಅದರಲ್ಲಿ ಮಾತ್ರ ಇರುತ್ತದೆ.

ಜನ ಮರೆಯುವ ಮತ್ತೊಂದು ಸಂಗತಿ ಮೊಬೈಲ್ ಸಂಖ್ಯೆ. ಸಂಘದ ಖಾತೆಯ ಒಟಿಪಿ, ಆದಾಯ ತೆರಿಗೆ ಪೋರ್ಟಲ್ಲಿನ ಸಂದೇಶ, ದೇಣಿಗೆಯ ಕ್ಯೂಆರ್ ಕೋಡ್, ಸಂಘದ ಇಮೇಲ್, ಇವೆಲ್ಲ ಅನೇಕ ಕಡೆ ಅಧ್ಯಕ್ಷರ ಸ್ವಂತ ಸಂಖ್ಯೆಗೇ ಕಟ್ಟಿಕೊಂಡಿರುತ್ತವೆ. ಪುಸ್ತಕಗಳೆಲ್ಲ ಒಪ್ಪಿಸಿದ ಮೇಲೂ ಸಂಘದ ಕೀಲಿಕೈ ನಿಮ್ಮ ಫೋನಿನಲ್ಲೇ ಉಳಿಯದಂತೆ ಒಂದೊಂದನ್ನೂ ಬದಲಿಸಿ, ಬದಲಾಯಿತೆಂದು ಹೊಸಬರು ಒಮ್ಮೆ ಒಳಗೆ ಹೋಗಿ ನೋಡಿ ಹೇಳಿದ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕಿ.

ಮುಂಬಯಿಯಿಂದ

ನಮ್ಮಲ್ಲಿ ಕನ್ನಡ ಸಂಘಗಳು ಸಾರ್ವಜನಿಕ ನ್ಯಾಸಗಳಾಗಿಯೂ ನೋಂದಣಿಯಾಗಿರುವುದರಿಂದ ಪದಾಧಿಕಾರಿ ಬದಲಾದ 90 ದಿನಗಳೊಳಗೆ ಚ್ಯಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆ ವರದಿ ಸಲ್ಲಿಸಬೇಕು. ಅದಕ್ಕೆ ರಾಜೀನಾಮೆ ಪತ್ರದ ಮೂಲಪ್ರತಿ, ಸಭೆಯ ಸೂಚನಾಪತ್ರ, ನಡಾವಳಿ ಎಲ್ಲವೂ ಬೇಕಾಗುತ್ತವೆ. ತುಮಕೂರಿಗೆ ಇದು ಅನ್ವಯಿಸುವುದಿಲ್ಲ, ಆದರೆ ಮಹಾರಾಷ್ಟ್ರದ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಗಮನಿಸಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಠೇವಣಿ ರಸೀದಿಯನ್ನು ನೋಡಿದೆ. ಹೆಸರು ಅವರ ಸ್ವಂತದ್ದೇ, ಸಂಘದ ಉಲ್ಲೇಖವಿಲ್ಲ. ಹಿರಿಯರು ಸಂತೋಷದಿಂದಲೇ ಒಪ್ಪಿದ್ದಾರೆ. ಈಗ ಇನ್ನೊಂದು ಮಾತು ಬಂದಿದೆ. ಮಾರ್ಚ್ 31ಕ್ಕೆ ಲೆಕ್ಕ ಪರಿಶೋಧನೆಯಾಗುವವರೆಗೆ ಸಹಿದಾರಳಾಗಿ ಮಾತ್ರ ಮುಂದುವರಿಯಿರಿ ಎಂದು ಸಮಿತಿ ಕೇಳುತ್ತಿದೆ. ಒಪ್ಪಬಹುದೇ?

ಮೈಸೂರಿನಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ಒಪ್ಪಬೇಡಿ. ಅಧಿಕಾರವಿಲ್ಲದೆ ಸಹಿ ಮಾತ್ರ ಉಳಿದರೆ, ನೀವು ಕುಳಿತಿರದ ಸಭೆಯ ತೀರ್ಮಾನಗಳಿಗೆ ನೀವು ಹಣ ಕೊಟ್ಟಂತಾಗುತ್ತದೆ. ಬ್ಯಾಂಕಿನಲ್ಲಿ ಹೊಸ ಸಹಿ ದಾಖಲಾಗುವವರೆಗಿನ ಕೆಲವು ದಿನಗಳಿಗೆ, ಅದೂ ಲಿಖಿತ ನಿರ್ಣಯವಿದ್ದರೆ, ಸರಿ.

ಬೆಂಗಳೂರಿನಿಂದ, ಸಂಘ ಸಂಸ್ಥೆಗಳ ಲೆಕ್ಕ ನೋಡುವವರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೊಸ ಅಧ್ಯಕ್ಷರ ಕೆವೈಸಿಗೆ ಬ್ಯಾಂಕು ತಡ ಮಾಡಿದರೆ ಅಲ್ಲಿಯತನಕ ವಿದ್ಯುತ್ ಬಿಲ್ಲು ಕಟ್ಟುವವರೂ ಬೇಕಲ್ಲ. ಈಗಾಗಲೇ ಮಂಜೂರಾದ ಖರ್ಚುಗಳಿಗೆ ಮಾತ್ರ, ಇಷ್ಟು ಮೊತ್ತದವರೆಗೆ, ಇಂತಹ ದಿನಾಂಕದವರೆಗೆ ಎಂದು ಮಿತಿ ಹಾಕಿದ ನಿರ್ಣಯವಿದ್ದರೆ ಮುಂದುವರಿಯುವುದರಲ್ಲಿ ದೋಷ ಕಾಣೆ. ಆದರೆ ಪರಿಶೋಧನೆಯ ನೆಪಕ್ಕೆ ನಿಮ್ಮ ಸಹಿ ಬೇಕಿಲ್ಲ. ನಿಮ್ಮ ಅವಧಿಯ ಲೆಕ್ಕವನ್ನು ಹಸ್ತಾಂತರದ ದಿನಕ್ಕೇ ಮುಚ್ಚಿ, ಅದರ ಮೇಲೆ ನೀವು, ಖಜಾಂಚಿ, ಹೊಸ ಅಧ್ಯಕ್ಷರು ಮೂವರೂ ಸಹಿ ಮಾಡಿದರೆ ಪರಿಶೋಧಕರು ಅದನ್ನೇ ಆಧಾರವಾಗಿ ಹಿಡಿಯುತ್ತಾರೆ. ಹಸ್ತಾಂತರ ಪಟ್ಟಿಯ ಒಂದು ಸಹಿ ಮಾಡಿದ ಪ್ರತಿ ನಿಮ್ಮಲ್ಲಿರಲಿ. ಮೂಲ ವೋಚರುಗಳನ್ನು ಮಾತ್ರ ಮನೆಗೆ ಒಯ್ಯಬೇಡಿ, ಅವು ಸಂಘದ ಕಪಾಟಿನಲ್ಲೇ ಇರಬೇಕು.