ಅರ್ಜಿ ಹಾಕಿದ ಮೇಲೆ ನೆನಪಿಸುವ ಮೇಲ್: ಎಷ್ಟು ದಿನಕ್ಕೆ, ಹೇಗೆ?

ಕಾರವಾರದಿಂದ, ಕೇಳಿದವರು:
ಬಿಕಾಂ ಆಗಿದೆ, ಟ್ಯಾಲಿ ಬರುತ್ತದೆ. ಹುಬ್ಬಳ್ಳಿ, ಬೆಂಗಳೂರು, ಗೋವಾ ಅಂತ ಇಲ್ಲಿಯವರೆಗೆ 26 ಕಡೆ ಅರ್ಜಿ ಹಾಕಿದ್ದೇನೆ. ಹೆಚ್ಚಿನವರು ಉತ್ತರವೇ ಕೊಟ್ಟಿಲ್ಲ. ಅರ್ಜಿ ಹಾಕಿದ ಕೆಲವು ದಿನಕ್ಕೆ ನೆನಪಿಸುವ ಮೇಲ್ ತಾನಾಗಿಯೇ ಹೋಗುವ ಹಾಗೆ ಮಾಡಿಟ್ಟವರು ಯಾರಾದರೂ ಇದ್ದೀರಾ? ಎಷ್ಟು ದಿನ ಬಿಡಬೇಕು?

ಕುಮಟಾದಿಂದ:
ನಾನು ಹಾಗೇ ಮಾಡುತ್ತಿದ್ದೆ. ಅರ್ಜಿ ಕಳಿಸಿದ ದಿನವೇ ಎರಡನೇ ಮೇಲ್ ಬರೆದು, ಜಿಮೇಲ್‌ನಲ್ಲಿ ಕಳಿಸುವ ಬಾಣದ ಪಕ್ಕ Schedule send ಇದೆಯಲ್ಲ, ಅಲ್ಲಿ ಏಳು ದಿನ ಆಚೆಗೆ ಇಟ್ಟುಬಿಡುವುದು. ಒಮ್ಮೆ ಇಟ್ಟರೆ ಆಯಿತು, ಮಳೆಗಾಲದಲ್ಲಿ ಇಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೂ, ಮೊಬೈಲ್ ಸತ್ತುಬಿದ್ದಿದ್ದರೂ ಅದು ಹೋಗುತ್ತದೆ. ನಡುವೆ ಅವರ ಉತ್ತರ ಬಂದರೆ ತಾನೇ ರದ್ದಾಗುತ್ತದೆ. ಆರಾಮು.

ಶಿರಸಿಯಿಂದ:
ಕುಮಟಾದ ಅಣ್ಣ ಹೇಳಿದ್ದರಲ್ಲಿ ಕರೆಂಟಿನ ಮಾತು ಸರಿ, ರದ್ದಾಗುವ ಮಾತು ಸರಿಯಲ್ಲ. ಜಿಮೇಲ್‌ನಲ್ಲಿ ಹೊತ್ತು ಇಟ್ಟ ಮೇಲ್ ಉತ್ತರ ಬಂದರೂ ನಿಲ್ಲುವುದಿಲ್ಲ, ನಾವೇ ಹೋಗಿ ತೆಗೆಯಬೇಕು. ನಾನು ಆರು ವರ್ಷ ಒಂದು ಕಂಪನಿಯಲ್ಲಿ ನೇಮಕಾತಿ ನೋಡಿಕೊಂಡಿದ್ದೆ, ಈಗ ಊರಿಗೆ ಬಂದಿದ್ದೇನೆ. ಆಗ ಒಬ್ಬ ಹುಡುಗನಿಗೆ ಬುಧವಾರ ಸಂಜೆ ಸಂದರ್ಶನದ ದಿನ ತಿಳಿಸಿದೆವು, ಅವನು 'ಬರುತ್ತೇನೆ ಮೇಡಂ' ಅಂತ ಬರೆದ. ಗುರುವಾರ ಬೆಳಿಗ್ಗೆ ಅವನಿಂದಲೇ 'ನನ್ನ ಅರ್ಜಿ ನೋಡಿದ್ದೀರಾ?' ಅಂತ ಮೇಲ್! ನಮ್ಮ ಮ್ಯಾನೇಜರ್ ಅದನ್ನು ಓದಿ, ಇವನು ನಮ್ಮ ಪತ್ರ ಓದಿಯೇ ಇಲ್ಲ ಅಂದುಕೊಂಡರು. ನನಗೆ ಆ ಹುಡುಗನ ಬಗ್ಗೆ ಇವತ್ತಿಗೂ ಬೇಜಾರಿದೆ.

ಹಾಗಾಗಿ ತಂಗಿ, ಮೇಲ್‌ಗೆ ಹೊತ್ತು ಇಡಬೇಡ, ನಿನಗೆ ನೆನಪಿಸಲು ಹೊತ್ತು ಇಡು. ಅರ್ಜಿ ಕಳಿಸಿದ ದಿನವೇ, ಕಳಿಸಿದ ಅದೇ ಮೇಲ್‌ಗೆ Reply ಒತ್ತಿ ನಾಲ್ಕು ಸಾಲು ಬರೆದು ಡ್ರಾಫ್ಟ್ ಆಗಿ ಬಿಡು. ಫೋನಿನ ಕ್ಯಾಲೆಂಡರ್‌ನಲ್ಲಿ ನೆನಪಿಸಬೇಕಾದ ದಿನಕ್ಕೆ ಬೆಳಿಗ್ಗೆ 10ಕ್ಕೆ ಕಂಪನಿಯ ಹೆಸರು ಹಾಕಿಡು. ಅದು ಬಡಿದಾಗ ಡ್ರಾಫ್ಟ್ ತೆಗೆ, ಮೇಲೆ ಉತ್ತರ ಬಂದಿದೆಯಾ ನೋಡು, ಸ್ಪ್ಯಾಮ್ ಕೂಡ ನೋಡು, ಆಮೇಲೆ ಕಳಿಸು. ಎರಡು ನಿಮಿಷದ ಕೆಲಸ, ಆದರೆ ಆ ಎರಡು ನಿಮಿಷ ಮನುಷ್ಯರೇ ನೋಡಬೇಕು.

ದಿನ ಎಷ್ಟು ಅಂದರೆ, ನಾನು ಏಳು ಕೆಲಸದ ದಿನ ಅನ್ನುತ್ತೇನೆ. ಸುಮ್ನೆ ಏಳು ದಿನ ಅಲ್ಲ. 2025ರ ಅಕ್ಟೋಬರ್ 14, ಮಂಗಳವಾರ ನೀನು ಅರ್ಜಿ ಹಾಕಿದ್ದೆ ಅಂದುಕೋ. ಏಳು ದಿನ ಎಣಿಸಿದರೆ 21. ಅವತ್ತು ದೀಪಾವಳಿಯ ನಡು ದಿನ, 20ಕ್ಕೆ ನರಕ ಚತುರ್ದಶಿ, 22ಕ್ಕೆ ಬಲಿಪಾಡ್ಯಮಿ. ಆಫೀಸಿನಲ್ಲಿ ಯಾರಿರುತ್ತಾರೆ? 20, 22 ಮಾತ್ರ ರಜೆ ಅಂತ ಹಿಡಿದು ಕೆಲಸದ ದಿನ ಎಣಿಸಿದರೆ 27, ಸೋಮವಾರ ಬರುತ್ತದೆ. ಇನ್ನೂ ಒಂದಿದೆ. ಜಾಹೀರಾತಿನಲ್ಲಿ ಕೊನೆಯ ದಿನ 17 ಅಂತ ಇದ್ದರೆ ಅಲ್ಲಿಂದಲೇ ಎಣಿಸಬೇಕು, ಯಾಕೆಂದರೆ ಹೆಚ್ಚಿನ ಕಡೆ ಅರ್ಜಿ ಬರುವುದು ನಿಲ್ಲುವ ತನಕ ಯಾರೂ ಕುಳಿತು ನೋಡುವುದಿಲ್ಲ. ಆಗ 30, ಗುರುವಾರ. 21ಕ್ಕೂ 30ಕ್ಕೂ ಎಷ್ಟು ವ್ಯತ್ಯಾಸ ನೋಡು.

ಇದನ್ನು ಗೂಗಲ್ ಶೀಟ್ ತಾನೇ ಲೆಕ್ಕ ಹಾಕುತ್ತದೆ. A ಕಾಲಂನಲ್ಲಿ ಅರ್ಜಿ ಹಾಕಿದ ದಿನ, B ಕಾಲಂನಲ್ಲಿ ಕೊನೆಯ ದಿನ (ಇಲ್ಲದಿದ್ದರೆ ಖಾಲಿ ಬಿಡು), H ಕಾಲಂನಲ್ಲಿ ರಜೆಗಳ ಪಟ್ಟಿ:

```
=WORKDAY(MAX(A2,B2),7,$H$2:$H$20)
```

ಇದು ಶನಿವಾರ, ಭಾನುವಾರ ಎರಡನ್ನೂ ಬಿಡುತ್ತದೆ. ದಿನದ ಬದಲು 45960 ಅಂತ ಸಂಖ್ಯೆ ಬಂದರೆ ಹೆದರಬೇಡ, Format ನಲ್ಲಿ Date ಆರಿಸು. ಆದರೆ 1900ರ ಜನವರಿ ಬಂದರೆ ನೀನು ಬರೆದ ದಿನವನ್ನು ಶೀಟ್ ದಿನ ಅಂತ ಓದಿಲ್ಲ ಅಂತ ಅರ್ಥ, ಬೇರೆ ರೀತಿಯಲ್ಲಿ ಬರೆದು ನೋಡು.

ಅಂಕೋಲಾದಿಂದ:
ನನ್ನ ಮಗ ಕೆಪಿಎಸ್‌ಸಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದ. ನಾನೂ ಕಚೇರಿಗೆ ಎರಡು ಸಲ ಪತ್ರ ಬರೆಸಿದೆ, ಏನೂ ಆಗಲಿಲ್ಲ. ಈ ನೆನಪಿಸುವುದೆಲ್ಲ ವ್ಯರ್ಥ ಮಗಳೇ, ಅವರ ವೆಬ್‌ಸೈಟ್ ನೋಡುತ್ತಿರುವುದೊಂದೇ ದಾರಿ.

ಶಿರಸಿಯಿಂದ:
ಕಾಕಾ, ನೀವು ಹೇಳಿದ್ದು ಸರ್ಕಾರಿ ಪರೀಕ್ಷೆಗೆ ಸರಿ. ಅಲ್ಲಿ ಅಧಿಸೂಚನೆ ಪ್ರಕಾರ ಎಲ್ಲ ನಡೆಯುತ್ತದೆ, ಮೇಲ್ ಮಾಡಿದರೆ ಯಾರ ಅರ್ಜಿಯೂ ಮುಂದೆ ಬರುವುದಿಲ್ಲ. ಅಲ್ಲಿ ಕ್ಯಾಲೆಂಡರ್‌ನಲ್ಲಿ ಇಡಬೇಕಾದ್ದು ಶುಲ್ಕ ಕಟ್ಟುವ ಕೊನೆಯ ದಿನ, ಪ್ರವೇಶ ಪತ್ರ ಇಳಿಸಿಕೊಳ್ಳುವ ದಿನ. ಈ ತಂಗಿ ಕೇಳಿದ್ದು ಖಾಸಗಿ ಕಂಪನಿಗಳ ಬಗ್ಗೆ.

ಕೇಳಿದವರು:
ಅಕ್ಕಾ, ರಾತ್ರಿ ಕುಳಿತು 26ನ್ನೂ ಶೀಟಿಗೆ ಹಾಕಿದೆ. 11 ಕಡೆ ಪೋರ್ಟಲ್‌ನಲ್ಲಿ ಹಾಕಿದ್ದು, ಬಂದ ಮೇಲ್ ಎಲ್ಲ noreply ವಿಳಾಸದ್ದು. ಅವರಿಗೆ ಏನು ಮಾಡಲಿ? ಉಳಿದವರಿಗೆ ಏನು ಬರೆಯಲಿ?

ಶಿರಸಿಯಿಂದ:
noreplyಗೆ ಬರೆದರೆ ವಾಪಸ್ ಬರುತ್ತದೆ, ಇಲ್ಲವೇ ಯಾರೂ ಓದದ ಕಡೆ ಬೀಳುತ್ತದೆ. ಜಾಹೀರಾತಿನಲ್ಲಿ ಅಥವಾ ಕಂಪನಿಯ ವೆಬ್‌ಸೈಟಿನಲ್ಲಿ ನೇಮಕಾತಿಯ ವಿಳಾಸ ಇದ್ದರೆ ಮಾತ್ರ ಅಲ್ಲಿಗೆ ಬರೆ. ಇಲ್ಲದಿದ್ದರೆ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡಿ ಮುಂದೆ ಹೋಗು. ಈ 11ರ ಮೇಲೆ ಜಾಸ್ತಿ ಹೊತ್ತು ಕಳೆಯಬೇಡ.

ಉಳಿದ 15ಕ್ಕೆ ಇಷ್ಟು ಸಾಕು, ಇಂಗ್ಲಿಷಿನಲ್ಲಿ ಬರೆದರೂ ಅರ್ಥ ಇದೇ ಇರಲಿ: 'ನಮಸ್ಕಾರ. ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅಕ್ಟೋಬರ್ 14ರಂದು ಅರ್ಜಿ ಕಳಿಸಿದ್ದೆ. ಕೆಲಸದ ಬಗ್ಗೆ ಈಗಲೂ ಆಸಕ್ತಿ ಇದೆ. ಟ್ಯಾಲಿಯಲ್ಲಿ ಜಿಎಸ್‌ಟಿ ನಮೂದು ಮಾಡಿ ಅಭ್ಯಾಸವಿದೆ. ಆಯ್ಕೆ ಯಾವ ಹಂತದಲ್ಲಿದೆ ಎಂದು ತಿಳಿಸಿದರೆ ಉಪಕಾರ.' ಕೆಳಗೆ ಫೋನ್ ನಂಬರ್. ರೆಸ್ಯೂಮೆ ಮತ್ತೆ ಲಗತ್ತಿಸು, Reply ಒತ್ತಿದಾಗ ಹಳೆಯ ಫೈಲ್ ಜೊತೆಗೆ ಬರುವುದಿಲ್ಲ. 'ಉತ್ತರ ಯಾಕೆ ಕೊಟ್ಟಿಲ್ಲ' ಅನ್ನುವ ಧಾಟಿ ಎಲ್ಲೂ ಬೇಡ. ಮೇಜಿನ ಆ ಕಡೆ ಕುಳಿತಿದ್ದಾಗ ನನಗೆ ನಿಜವಾಗಿ ಉಪಯೋಗಕ್ಕೆ ಬರುತ್ತಿದ್ದದ್ದು ಹುದ್ದೆಯ ಹೆಸರು ಮತ್ತು ದಿನ, ಅವೆರಡಿದ್ದರೆ ಹುಡುಕುವುದು ಸುಲಭ.

ಹೊನ್ನಾವರದಿಂದ:
ಏಳು ಕೆಲಸದ ದಿನ ಜಾಸ್ತಿ ಆಯಿತು ಮಾರಾಯ್ರೇ. ನಾನು ಇಲ್ಲೇ ಒಂದು ಐಸ್ ಫ್ಯಾಕ್ಟರಿಗೆ ಅರ್ಜಿ ಕೊಟ್ಟಿದ್ದೆ. ಮೂರನೇ ದಿನ ಫೋನ್ ಮಾಡಿದೆ, ನಾಲ್ಕನೇ ದಿನ ಕೆಲಸಕ್ಕೆ ಸೇರಿದೆ. ಏಳು ದಿನ ಕಾದಿದ್ದರೆ ಬೇರೆಯವರು ಸೇರುತ್ತಿದ್ದರು. ಸಣ್ಣ ಕಡೆ ಮೇಲ್ ಯಾರು ನೋಡುತ್ತಾರೆ? ಫೋನ್ ಮಾಡಬೇಕು, ಸಾಧ್ಯವಾದರೆ ಒಮ್ಮೆ ಹೋಗಿ ಮುಖ ತೋರಿಸಿ ಬರಬೇಕು.

ಶಿರಸಿಯಿಂದ:
ಇದನ್ನು ಒಪ್ಪುತ್ತೇನೆ. ಮಾಲೀಕರೇ ಆಳು ತೆಗೆದುಕೊಳ್ಳುವ ಜಾಗದಲ್ಲಿ ನನ್ನ ಲೆಕ್ಕ ನಡೆಯುವುದಿಲ್ಲ. ಶೀಟಿನಲ್ಲಿ ಅಂಥವಕ್ಕೆ 7ರ ಜಾಗದಲ್ಲಿ 3 ಹಾಕು. ಆದರೆ ಐವತ್ತು ನೂರು ಜನರ ಆಫೀಸಿಗೆ ಮೂರನೇ ದಿನ ಫೋನ್ ಮಾಡುವುದು ಬೇಡ ಅಂತಲೇ ನನ್ನ ಅನಿಸಿಕೆ.

ಹೊನ್ನಾವರದಿಂದ:
ನಾನು ಮಾಡುತ್ತೇನೆ. ಬೈದವರು ಇಲ್ಲಿಯವರೆಗೆ ಯಾರೂ ಇಲ್ಲ.

ಕೇಳಿದವರು:
ಎರಡನೇ ಸಲವೂ ಉತ್ತರ ಬರದಿದ್ದರೆ?

ಶಿರಸಿಯಿಂದ:
ಇನ್ನು ಹತ್ತು ಕೆಲಸದ ದಿನ ಬಿಟ್ಟು ಒಂದು ಸಲ. ಅದಾದ ಮೇಲೆ ಆ ಸಾಲಿಗೆ ಬೂದು ಬಣ್ಣ ಹಚ್ಚಿ ಬಿಟ್ಟುಬಿಡು. ಮೂರನೆಯ ಸಲ ನೆನಪಿಸುವ ಮೇಲ್ ನಾನು ಇದ್ದ ಕಡೆ ಒಳ್ಳೆಯದು ಮಾಡಿದ್ದು ಒಮ್ಮೆಯೂ ನೋಡಿಲ್ಲ. ಕನ್ಸಲ್ಟೆನ್ಸಿ ಮೂಲಕ ಹಾಕಿದ್ದರೆ ಕೇಳಬೇಕಾದ್ದು ಕನ್ಸಲ್ಟೆನ್ಸಿಯವರನ್ನೇ, ಕಂಪನಿಗೆ ನೇರ ಬರೆಯಬೇಡ.

ಕೇಳಿದವರು:
ಸರಿ ಅಕ್ಕಾ. ನಾಳೆ ಬೆಳಿಗ್ಗೆ ಆರು ಡ್ರಾಫ್ಟ್ ಕಳಿಸುವುದಿದೆ. ಅದರಲ್ಲಿ ಒಂದು ಗೋವಾದ ಸಣ್ಣ ಹೋಟೆಲ್, ಮಾಲೀಕರ ವಾಟ್ಸಾಪ್ ನಂಬರ್ ಜಾಹೀರಾತಿನಲ್ಲೇ ಇದೆ. ಅವರಿಗೆ ಮೇಲಾ, ವಾಟ್ಸಾಪಾ? ಅಲ್ಲಿ ಕೆಲಸ ಮಾಡಿದವರು ಇದ್ದರೆ ಹೇಳಿ.