ಸಹಾಯ ಬೇಕು: ಫೋನ್ ಪರದೆಯ ಚಿತ್ರ ಬದಲಿಸಿದೆ, ಕಿಟಕಿ ಬೆಳಕಿನ ಪ್ರತಿಫಲನ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಓರೆಯಾಗಿ ಇಟ್ಟ ಫೋನಿನ ಫೋಟೋ ಇದೆ, ಅದರ ಪರದೆಯಲ್ಲಿ ನನ್ನ ಆ್ಯಪ್‌ನ ಸ್ಕ್ರೀನ್‌ಶಾಟ್ ಕೂರಿಸಬೇಕು. ಫೋಟೋಶಾಪ್‌ನಲ್ಲಿ ಮಾಡುತ್ತಿದ್ದೇನೆ.

ಓರೆ ಕೂರಿಸುವುದು ಹೇಗೋ ಆಯಿತು. ಸ್ಕ್ರೀನ್‌ಶಾಟನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ Edit > Transform > Distort ನಲ್ಲಿ ನಾಲ್ಕು ಮೂಲೆ ಎಳೆದೆ. ಮೊದಲು ಪರದೆಯ ದುಂಡು ಮೂಲೆಗೇ ತಂದು ನಿಲ್ಲಿಸಿದ್ದೆ, ಅಕ್ಷರಗಳೆಲ್ಲ ವಾಲಿದವು. ಆಮೇಲೆ ನೇರ ಅಂಚುಗಳ ಮೇಲೆ ಗೆರೆ ಎಳೆದು, ಆ ಗೆರೆಗಳು ಹೊರಗೆ ಸೇರುವ ಜಾಗಕ್ಕೆ ಮೂಲೆ ಇಟ್ಟು, ದುಂಡು ಭಾಗವನ್ನು ಮಾಸ್ಕ್‌ನಿಂದ ಕತ್ತರಿಸಿದಾಗ ಸರಿಹೋಯಿತು.

ಕಷ್ಟ ಇರುವುದು ಬೆಳಕಿನದ್ದು. ಬಲ ಮೇಲ್ಮೂಲೆಯಿಂದ ಕಿಟಕಿಯ ಬಿಳಿ ಪಟ್ಟೆಯೊಂದು ಪರದೆಯ ಅರ್ಧದವರೆಗೂ ಬಂದಿದೆ. ಅದಿಲ್ಲದಿದ್ದರೆ ಚಿತ್ರ ಸುಮ್ನೆ ಅಂಟಿಸಿದ ಕಾಗದದಂತೆ ಕಾಣುತ್ತದೆ. ಹಳೆಯ ಪರದೆಯನ್ನೇ ಕಾಪಿ ಮಾಡಿ, ಮೇಲಿಟ್ಟು Screen ಮೋಡ್ ಕೊಟ್ಟೆ. ಆದರೆ ಫೋಟೋ ತೆಗೆದಾಗ ಫೋನ್ ಆನ್ ಆಗಿತ್ತು, ಹಾಗಾಗಿ ಪಟ್ಟೆಯ ಜೊತೆ ಹಳೆಯ ಐಕಾನ್‌ಗಳೂ ಮಸುಕಾಗಿ ಮೇಲೆ ಬಂದವು. ಪರದೆ ಕಪ್ಪಗಿದ್ದರೆ ಮಾತ್ರ ಈ ದಾರಿ ಸರಿ, ಅಲ್ವಾ?

ಫೋನ್ ಆಫ್ ಮಾಡಿ ತೆಗೆದ ಇನ್ನೊಂದು ಫೋಟೋ ಇದೆ. ಆದರೆ ಕ್ಯಾಮೆರಾ ಕೈಯಲ್ಲಿತ್ತು, ಸ್ವಲ್ಪ ಸರಿದಿದೆ. ಫೋನಿನ ಅಂಚು ಹೊಂದಿಸಿದರೂ ಪಟ್ಟೆ ಬೇರೆ ಜಾಗದಲ್ಲಿ ಬೀಳುತ್ತದೆ. ಅದನ್ನೇ ಎಳೆದು ಹೊಂದಿಸಲಾ, ಇಲ್ಲ ಮೆತ್ತನೆ ಬ್ರಷ್‌ನಲ್ಲಿ ಪಟ್ಟೆಯನ್ನು ಹೊಸದಾಗಿ ಬರೆಯಲಾ? ಬರೆಯುವುದಾದರೆ ಅಂಚು ಎಷ್ಟು ಮಸುಕಿರಬೇಕು? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.