ಟಿವಿಗೆ ಸ್ಟೆಬಿಲೈಜರ್ ಬೇಕಾ, ಸ್ಪೈಕ್ ಗಾರ್ಡ್ ಸಾಕಾ?

"ತಮ್ಮಾ, 43 ಇಂಚಿನ ಹೊಸ ಎಲ್‌ಇಡಿ ಟಿವಿ ತಂದ್ವಿ. ಸ್ಟೆಬಿಲೈಜರ್ ಹಾಕದಿದ್ರೆ ಬೋರ್ಡ್ ಹೋಗುತ್ತೆ ಅಂತಾರೆ ಅಂಗಡಿಯವರು. ಚಿಕ್ಕಪ್ಪನ ಮಗ ಸ್ಪೈಕ್ ಗಾರ್ಡ್ ಸಾಕು ಅಂತಾನೆ. ನಮ್ಮ ತೋಟದ ಕಡೆ ಕರೆಂಟ್ ಹೇಗೆ ಅಂತ ನಿಂಗೆ ಗೊತ್ತಲ್ಲಾ. ಯಾವುದು ತಗೊಳ್ಳಲಿ?"

ಅಕ್ಕಾ, ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ತಾ ಕೇಳು. ಇಬ್ಬರು ಹೇಳಿದ್ದೂ ಅರ್ಧರ್ಧ ಸರಿ. ಯಾಕೆಂದರೆ ಇಬ್ಬರೂ ಬೇರೆ ಬೇರೆ ಕಾಯಿಲೆಗೆ ಔಷಧಿ ಹೇಳುತ್ತಿದ್ದಾರೆ. ವೋಲ್ಟೇಜ್ ಕಡಿಮೆ ಆಗುವುದು ಒಂದು. ಜಾಸ್ತಿಯಾಗಿ ಹಾಗೇ ನಿಲ್ಲುವುದು ಇನ್ನೊಂದು. ಸಿಡಿಲು ಹೊಡೆದಾಗ ಕ್ಷಣ ಮಾತ್ರ ಚಿಮ್ಮಿ ಹೋಗುವುದು ಮೂರನೆಯದು. ನಿಮ್ಮ ಮನೆಯಲ್ಲಿ ಟಿವಿಗೆ ಮೊದಲನೆಯದರಿಂದ ಹೆಚ್ಚು ಭಯ ಇಲ್ಲ. ಎರಡನೆಯದರಿಂದ ಇದೆ. ಅದನ್ನೇ ಯಾರೂ ಹೇಳುವುದಿಲ್ಲ ನೋಡು.

ಮೊದಲು ಟಿವಿ ಹಿಂದೆ ಅಂಟಿಸಿರುವ ಲೇಬಲ್ ಓದು. ಈಗಿನ ಬಹಳಷ್ಟು ಟಿವಿಗಳಲ್ಲಿ AC 100-240V ಅಂತ ಇರುತ್ತದೆ. ಹಾಗಿದ್ದರೆ ಒಳಗಿನ ಪವರ್ ಸಪ್ಲೈ 100 ವೋಲ್ಟ್ ಬಂದರೂ ನಡೆಯುತ್ತದೆ, 240 ಬಂದರೂ ನಡೆಯುತ್ತದೆ. ಸಂಜೆ 160ಕ್ಕೆ ಇಳಿದರೆ ಅದು ಕರೆಂಟನ್ನು ಸ್ವಲ್ಪ ಜಾಸ್ತಿ ಎಳೆದುಕೊಂಡು ತನಗೆ ಬೇಕಾದ ಪವರ್ ಹೊಂದಿಸಿಕೊಳ್ಳುತ್ತದೆ. ಚಿತ್ರ ಕುಗ್ಗುವುದಿಲ್ಲ, ಬೆಳಕು ಕಡಿಮೆಯಾಗುವುದಿಲ್ಲ. ಹಳೇ ಡಬ್ಬದ ಟಿವಿಗಳಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಒಳಗೆ ಬರುತ್ತಿದ್ದದ್ದು ನೆನಪಿದೆ ಅಲ್ವಾ? ಆ ಕಾಲದ ಅಭ್ಯಾಸದಲ್ಲೇ ಅಂಗಡಿಯವರು ಇವತ್ತಿಗೂ ಟಿವಿ ಜೊತೆ ಸ್ಟೆಬಿಲೈಜರ್ ಮಾರುತ್ತಾರೆ. ಆದರೆ ಲೇಬಲ್ ಮೇಲೆ 220-240V ಅಂತ ಮಾತ್ರ ಇದ್ದರೆ ಈ ಲೆಕ್ಕ ಬೇರೆ. ಅದಕ್ಕೇ ಮೊದಲು ಓದು ಅಂದದ್ದು.

ಇನ್ನು ಜಾಸ್ತಿಯಾಗುವ ವಿಷಯ. ಲೇಬಲ್ 240 ಅಂದರೂ ಸಾಮಾನ್ಯವಾಗಿ 260ರ ಆಸುಪಾಸಿನವರೆಗೆ ಟಿವಿ ತಡೆದುಕೊಳ್ಳುತ್ತದೆ. ಅದರ ಮೇಲೆ ಅಪಾಯ. ಪವರ್ ಬೋರ್ಡ್ ಬಿಚ್ಚಿದರೆ ಹೆಬ್ಬೆರಳಿಗಿಂತ ದಪ್ಪದ ಒಂದು ಕಪ್ಪು ಕೆಪಾಸಿಟರ್ ಕಾಣುತ್ತದೆ. ಮೈಮೇಲೆ 400V ಅಥವಾ 450V ಅಂತ ಬರೆದಿರುತ್ತದೆ. 450 ಅಂದರೆ ಇನ್ನೂ ಎಷ್ಟೋ ಜಾಗ ಇದೆ ಅನ್ನಿಸುತ್ತದೆ, ಇಲ್ಲ. ಗೋಡೆಯಲ್ಲಿ ಬರುವ 230 ಒಳಗೆ ಡಿಸಿ ಆಗುವಾಗ ಸುಮಾರು 325 ಆಗುತ್ತದೆ. 300 ಬಂದರೆ 424. 400 ಬಂದರೆ 565. ಆಗ ಕೆಪಾಸಿಟರ್ ತಲೆ ಉಬ್ಬುತ್ತದೆ, ಇಲ್ಲವೇ ಸಿಡಿಯುತ್ತದೆ. ಪಕ್ಕದ ಸ್ವಿಚಿಂಗ್ ಟ್ರಾನ್ಸಿಸ್ಟರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಮನೆಗೆ 400 ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಕಂಬದ ಮೇಲೆ ನ್ಯೂಟ್ರಲ್ ಕಟ್ ಆದಾಗ ಬರುತ್ತದೆ. ಕಂಬದಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್ ಇರುತ್ತದೆ. ಫೇಸಿಗೂ ಫೇಸಿಗೂ ನಡುವೆ ಸುಮಾರು 400, ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230. ಗಾಳಿಗೆ ಅಡಿಕೆ ಮರ ವಾಲಿ ನ್ಯೂಟ್ರಲ್ ತಂತಿ ಹರಿಯಿತು ಅಂತಿಟ್ಟುಕೊ, ಅಥವಾ ಜಂಪರ್ ಸುಟ್ಟಿತು. ಆಗ ನಿಮ್ಮ ಮನೆ ಒಂದು ಫೇಸಿನಲ್ಲಿ, ಕೆಳಗಿನ ಮನೆ ಇನ್ನೊಂದು ಫೇಸಿನಲ್ಲಿ ಇದ್ದರೆ ಆ 400 ಎರಡು ಮನೆಗಳ ನಡುವೆ ಹಂಚಿಹೋಗುತ್ತದೆ. ಅವರ ಮನೆಯಲ್ಲಿ ಗೀಸರ್ ಓಡುತ್ತಿದೆ, ನಿಮ್ಮಲ್ಲಿ ಬರೀ ಟಿವಿ, ಎರಡು ಬಲ್ಬು. ಲೋಡ್ ಕಡಿಮೆ ಇರುವ ಮನೆಗೇ ಜಾಸ್ತಿ ವೋಲ್ಟೇಜ್ ಬೀಳುತ್ತದೆ. ನಿಮ್ಮಲ್ಲಿ 320, 350, ಅವರಲ್ಲಿ ಉಳಿದದ್ದು. ಗುರುತು ಏನೆಂದರೆ ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವ ಹಾಗೆ ಉರಿಯುತ್ತದೆ, ಫ್ಯಾನ್ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ, ಪಕ್ಕದ ಮನೆಯವರು ಮಾತ್ರ ಡಿಮ್ ಆಯ್ತು ಅನ್ನುತ್ತಾರೆ. ಹಾಗಾದ ತಕ್ಷಣ ಮೇನ್ ಸ್ವಿಚ್ ಕೆಳಗೆ ಎಳಿ, ಆಮೇಲೆ 1912ಕ್ಕೆ ಫೋನ್ ಮಾಡು. ಮೊದಲು ಫೋನ್, ಆಮೇಲೆ ಸ್ವಿಚ್ ಅಂತ ಮಾಡಬೇಡ.

ಇಲ್ಲಿ ಸ್ಪೈಕ್ ಗಾರ್ಡ್ ಕೈಕೊಡುತ್ತದೆ. ಅದರ ಒಳಗೆ ನೀಲಿ ಬಿಲ್ಲೆಯಂಥ ಒಂದು ಪಾರ್ಟ್ ಇರುತ್ತದೆ, ಎಂಒವಿ ಅಂತ. ಸಾವಿರಾರು ವೋಲ್ಟಿನ ಚಿಮ್ಮು ಬಂದರೆ ಕ್ಷಣದಲ್ಲಿ ಅದನ್ನು ತನ್ನ ಮೈಮೇಲೆ ಎಳೆದುಕೊಂಡು ಟಿವಿಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ಆದರೆ ಅದು ಕ್ಷಣಕ್ಕೆ ಮಾಡಿದ ಪಾರ್ಟ್. ಸಾಮಾನ್ಯವಾಗಿ 275 ವೋಲ್ಟಿನದನ್ನು ಹಾಕಿರುತ್ತಾರೆ. 350 ಬಂದು ನಿಮಿಷಗಟ್ಟಲೆ ನಿಂತರೆ ಬಿಲ್ಲೆ ಕಾದು ಕಪ್ಪಾಗಿ ಸುಟ್ಟು ಹೋಗುತ್ತದೆ. ಒಳ್ಳೆಯದರಲ್ಲಿ ಶಾಖಕ್ಕೆ ಕಟ್ ಆಗುವ ಫ್ಯೂಸ್ ಇರುತ್ತದೆ. ಅಗ್ಗದ್ದರಲ್ಲಿ ಬಿಲ್ಲೆ ಸುಟ್ಟ ಮೇಲೂ ಡಬ್ಬದಲ್ಲಿ ಕರೆಂಟ್ ಬರುತ್ತಲೇ ಇರುತ್ತದೆ. ನಮ್ಮ ರಿಪೇರಿ ಟೇಬಲ್ಲಿಗೆ ಇಂಥ ಜೋಡಿ ಬರುತ್ತದೆ: ಕಪ್ಪಾದ ಸ್ಪೈಕ್ ಗಾರ್ಡ್, ಉಬ್ಬಿದ ಕೆಪಾಸಿಟರ್. ತಂದವರು "ಗಾರ್ಡ್ ಹಾಕಿದ್ವಲ್ಲಾ ಸಾರ್" ಅನ್ನುತ್ತಾರೆ.

ಹಾಗಾದರೆ ಸ್ಟೆಬಿಲೈಜರ್? ಅದು ಎರಡು ಕೆಲಸ ಮಾಡುತ್ತದೆ. ಕಡಿಮೆ ಇದ್ದರೆ ಏರಿಸುತ್ತದೆ, ಮಿತಿ ಮೀರಿದರೆ ಕಟ್ ಮಾಡುತ್ತದೆ. ನಿನ್ನ ಟಿವಿಗೆ ಬೇಕಾಗಿರುವುದು ಆ ಎರಡನೇ ಕೆಲಸ. ಡಬ್ಬದ ಮೇಲೆ ಹೈ ಕಟ್ ಆಫ್ ಇದೆ ಅಂತ ಬರೆದಿಲ್ಲದಿದ್ದರೆ ತರಬೇಡ. ಇನ್ನೊಂದು ಮಾತು. ಒಳಗಿನ ರಿಲೇ ಟಕ್ ಟಕ್ ಅಂದು ಅಂದು ಅದರ ಪಾಯಿಂಟ್ ಒಮ್ಮೊಮ್ಮೆ ಅಂಟಿಕೊಂಡುಬಿಡುತ್ತದೆ. ಸಂಜೆ 160 ಇದ್ದಾಗ ಏರಿಸುವ ಕಡೆಯೇ ಅಂಟಿತು, ರಾತ್ರಿ ಪಂಪ್‌ಸೆಟ್‌ಗಳೆಲ್ಲ ನಿಂತು ಲೈನ್ 245ಕ್ಕೆ ಏರಿತು ಅಂದರೆ ಸ್ಟೆಬಿಲೈಜರೇ ಟಿವಿಗೆ 300 ಕೊಡುತ್ತದೆ. ಹಾಗಾಗಿ ಔಟ್‌ಪುಟ್ ವೋಲ್ಟೇಜ್ ತೋರಿಸುವ ಡಿಸ್‌ಪ್ಲೇ ಇರುವುದನ್ನೇ ತಗೋ, ಆಗಾಗ ಒಂದು ಕಣ್ಣು ಹಾಯಿಸು.

ಈಗ ನಿಮ್ಮ ಮನೆ ಲೆಕ್ಕ ಮಾಡೋಣ. ಭಾವನಿಗೆ ಹೇಳಿ ಸಾಕೆಟ್ಟಿಗೆ ಚುಚ್ಚಿದರೆ ವೋಲ್ಟೇಜ್ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ತರಿಸು. ಟಿವಿ ಹಾಕುವ ಸಾಕೆಟ್ಟಿಗೇ ಚುಚ್ಚಿಡಿ. ಪಂಪ್ ಓಡುವಾಗ ಎಷ್ಟು, ಸಂಜೆ ಏಳರಿಂದ ಒಂಬತ್ತರ ನಡುವೆ ಎಷ್ಟು, ಎಲ್ಲರೂ ಮಲಗಿದ ಮೇಲೆ ಎಷ್ಟು ಅಂತ ನಾಲ್ಕೈದು ದಿನ ಬರೆದಿಡಿ. ನೀವು ಟ್ರಾನ್ಸ್‌ಫಾರ್ಮರ್ ಲೈನಿನ ತುದಿಯಲ್ಲಿ ಇದ್ದೀರಿ, ಹಾಗಾಗಿ ಪಂಪ್ ಹೊತ್ತಿನಲ್ಲಿ 150-160, ಮಧ್ಯರಾತ್ರಿ 245 ಬಂದರೆ ಆಶ್ಚರ್ಯ ಇಲ್ಲ. ಹಾಗೆ ಬಂದರೆ, ಲೇಬಲ್ 100-240 ಇದ್ದರೆ, ಟಿವಿಗೆ ವೋಲ್ಟೇಜ್ ಏರಿಸುವ ಅಗತ್ಯವೇ ಇಲ್ಲ. 120ಕ್ಕೂ ಕೆಳಗೆ ಇಳಿದು ಟಿವಿ ತಾನೇ ಆಫ್ ಆಗಿ ಆನ್ ಆಗುತ್ತಿದ್ದರೆ ಮಾತ್ರ ಸ್ಟೆಬಿಲೈಜರ್ ತಗೋ. ಎಲ್‌ಇಡಿ ಟಿವಿಗೆ ಅಂತಲೇ ಚಿಕ್ಕದು ಬರುತ್ತದೆ. ನಿನ್ನ ಟಿವಿ ಮತ್ತು ಸೆಟ್ ಟಾಪ್ ಬಾಕ್ಸ್ ಸೇರಿ ಬಹುಶಃ 150 ವ್ಯಾಟ್ ದಾಟುವುದಿಲ್ಲ, ಎಸಿಗೆ ಹಾಕುವ ದೊಡ್ಡದನ್ನು ತಲೆಗೆ ಕಟ್ಟಿದರೆ ಬೇಡ ಅನ್ನು. ಆ ದುಡ್ಡು ಫ್ರಿಜ್ಜಿಗೆ ಹಾಕು. ಕಡಿಮೆ ವೋಲ್ಟೇಜಿಗೆ ನಿಜವಾಗಿ ಒದ್ದಾಡುವುದು ಅದರ ಕಂಪ್ರೆಸರ್.

ರಾತ್ರಿ ರೀಡಿಂಗ್ 260 ದಾಟುತ್ತಿದ್ದರೆ, ಅಥವಾ ನಿಮ್ಮ ಲೈನಿನಲ್ಲಿ ನ್ಯೂಟ್ರಲ್ ಹಿಂದೊಮ್ಮೆ ಹೋಗಿದ್ದರೆ, ನಾನು ಹಾಕಿಸುವುದು ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಎಂಸಿಬಿ ಬಾಕ್ಸಿನಲ್ಲೇ ಎಂಸಿಬಿ ಪಕ್ಕ ಕೂರುತ್ತದೆ. ಇಡೀ ಮನೆಗೆ ಒಂದೇ ಸಾಕು. ವೋಲ್ಟೇಜ್ ಮಿತಿ ಮೀರಿದರೆ ಸಪ್ಲೈ ಕಟ್, ಸರಿಯಾಗಿ ಸ್ವಲ್ಪ ಹೊತ್ತು ನಿಂತ ಮೇಲೆ ತಾನೇ ಆನ್. ಆದರೆ ಸೆಟ್ಟಿಂಗ್ ಬದಲಾಯಿಸಲು ಬರುವಂಥದ್ದೇ ಇರಲಿ. ಕೆಳಗಿನ ಮಿತಿ 170ಕ್ಕೆ ನಿಂತದ್ದು ತಂದರೆ ನಿಮ್ಮಲ್ಲಿ ಸಂಜೆ ಪೂರ್ತಿ ಕತ್ತಲೆ. ಮೇಲಿನದು 265, ಕೆಳಗಿನದು 140 ಇಡಲು ಎಲೆಕ್ಟ್ರೀಷಿಯನ್‌ಗೆ ಹೇಳು. ಆದರೆ 140ರಲ್ಲಿ ಫ್ರಿಜ್ಜಿಗೆ ರಕ್ಷಣೆ ಸಿಗುವುದಿಲ್ಲ, ಅದರ ಸ್ಟೆಬಿಲೈಜರ್ ಬೇರೆ ಇರಲೇಬೇಕು. ಪ್ರೊಟೆಕ್ಟರ್ ಕೂರಿಸುವುದು ಎಲೆಕ್ಟ್ರೀಷಿಯನ್ ಕೆಲಸ, ಭಾವ ಸ್ಕ್ರೂಡ್ರೈವರ್ ಹಿಡಿಯುವುದು ಬೇಡ.

ಹಾಗಂತ ಸ್ಪೈಕ್ ಗಾರ್ಡ್ ಬೇಡ ಅಂತಲ್ಲ. ಏಪ್ರಿಲ್-ಮೇ ಗುಡುಗಿಗೆ ಅದೂ ಬೇಕು. ಅಂಗಡಿಯಲ್ಲಿ ಆ ಹೆಸರಿನಲ್ಲಿ ಮಾರುವುದರಲ್ಲಿ ಎಷ್ಟೋ ಬರೀ ಎಕ್ಸ್‌ಟೆನ್ಷನ್ ಬಾಕ್ಸ್, ಒಳಗೆ ಬಿಲ್ಲೆಯೇ ಇರುವುದಿಲ್ಲ. ಜೂಲ್ಸ್ ಎಷ್ಟು ಅಂತ ಬರೆದಿರುವುದು, ರಕ್ಷಣೆ ಇನ್ನೂ ಇದೆ ಅಂತ ತೋರಿಸುವ ಬೇರೆ ಲೈಟ್ ಇರುವುದು ನೋಡಿ ತಗೋ. ಆ ಲೈಟ್ ಆರಿದರೆ ಬಿಲ್ಲೆ ಸತ್ತಿದೆ ಅಂತ, ಡಬ್ಬ ಬದಲಾಯಿಸಬೇಕು.

ಇದಕ್ಕೆ ಅರ್ಥಿಂಗ್ ಸರಿ ಇರಬೇಕು. ಟಿವಿ ಪ್ಲಗ್ಗಿಗೆ ಎರಡೇ ಪಿನ್ ಇದೆ, ಅರ್ಥ್ ಯಾಕೆ ಅಂತ ಕೇಳಬೇಡ. ಅರ್ಥ್ ಬೇಕಾಗಿರುವುದು ಟಿವಿಗಲ್ಲ, ಗಾರ್ಡಿಗೆ. ಸಿಡಿಲಿನ ಕರೆಂಟನ್ನು ಅದು ಭೂಮಿಗೆ ಇಳಿಸುವುದು ಆ ಮೂರನೇ ಪಿನ್ನಿನಲ್ಲಿ. ಅರ್ಥಿಂಗ್ ತಂತಿ ಎಂದೋ ತುಕ್ಕು ಹಿಡಿದು ತುಂಡಾಗಿದ್ದರೆ ಗಾರ್ಡಿನ ಅರ್ಧಕ್ಕಿಂತ ಜಾಸ್ತಿ ಕೆಲಸ ನಿಂತ ಹಾಗೆ. ಬರೀ ಮೀಟರಿನಲ್ಲಿ ಫೇಸ್-ಅರ್ಥ್ 230 ತೋರಿಸಿದರೆ ನಂಬಬೇಡ, ಸಡಿಲ ಅರ್ಥಿನಲ್ಲೂ ಅಷ್ಟು ತೋರಿಸುತ್ತದೆ. ಎಲೆಕ್ಟ್ರೀಷಿಯನ್ ಲೋಡ್ ಹಾಕಿ ಅಥವಾ ಅರ್ಥ್ ಟೆಸ್ಟರಿನಲ್ಲಿ ನೋಡಲಿ.

ಇನ್ನೊಂದು, ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದೆ ಅಲ್ವಾ? ಟಿವಿ ಅದರ ಲೈನಿನಲ್ಲಿದ್ದರೆ ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯಾ ನೋಡು. ಆ ಮೋಡಿನಲ್ಲಿ ಲೈನ್ ಸುಮಾರು 180ಕ್ಕಿಂತ ಕೆಳಗೆ ಅಥವಾ 260ಕ್ಕಿಂತ ಮೇಲೆ ಹೋದರೆ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಟಿವಿಗೆ ಒಳ್ಳೆಯದು, ಆದರೆ ಸಂಜೆ 160 ಇರುವ ಮನೆಯಲ್ಲಿ ಬ್ಯಾಟರಿ ದಿನಾ ಖಾಲಿ. ನಾರ್ಮಲ್ ಮೋಡಿನಲ್ಲಿ ಇಟ್ಟರೆ 280ರ ತನಕವೂ ಲೈನನ್ನು ಹಾಗೇ ಒಳಗೆ ಬಿಟ್ಟುಬಿಡಬಹುದು. ಪ್ರೊಟೆಕ್ಟರ್ ಹಾಕಿಸಿದರೆ ನಾರ್ಮಲ್ ಮೋಡೇ ಸಾಕು.

ಕೊನೆಗೆ ಸಿಡಿಲು. ಹತ್ತಿರ ಹೊಡೆದರೆ ಇದ್ಯಾವುದೂ ತಡೆಯುವುದಿಲ್ಲ. ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ ಕೀಳಬೇಕು. ರಿಮೋಟಿನಲ್ಲಿ ಆಫ್ ಮಾಡಿದರೆ, ಗೋಡೆ ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ಕೇಬಲ್ ಅನ್ನು ಸೆಟ್ ಟಾಪ್ ಬಾಕ್ಸಿನಿಂದ ತಿರುಗಿಸಿ ಬಿಚ್ಚು. ಚಾವಣಿ ಮೇಲಿನ ಡಿಶ್ಶಿನಿಂದ ಕೇಬಲ್‌ಗೆ, ಅಲ್ಲಿಂದ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ಟಿವಿ ಮೇನ್ ಬೋರ್ಡಿಗೆ ಅದು ಸಲೀಸಾಗಿ ಬರುತ್ತದೆ. ಪವರ್ ಬೋರ್ಡ್ ಚೆನ್ನಾಗಿದ್ದು ಎಚ್‌ಡಿಎಂಐ ಮಾತ್ರ ಸತ್ತ ಟಿವಿ ಬಂದರೆ ನಾವು ಮೊದಲು ಕೇಳುವುದೇ ಮಳೆ ದಿನ ಡಿಶ್ ವೈರ್ ಬಿಚ್ಚಿದ್ರಾ ಅಂತ. ಫೈಬರ್ ಇಂಟರ್ನೆಟ್ ಹಾಕಿಸಿದ್ದರೆ ಆ ಗಾಜಿನ ತಂತಿಯಲ್ಲಿ ಬರುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಮತ್ತು ಅದರಿಂದ ಟಿವಿಗೆ ಎಳೆದ ಲ್ಯಾನ್ ವೈರ್ ಎರಡೂ ಕೀಳು. ಸೆಟ್ ಟಾಪ್ ಬಾಕ್ಸಿನ ಅಡಾಪ್ಟರನ್ನೂ ಟಿವಿ ಹಾಕಿದ ಗಾರ್ಡಿಗೇ ಹಾಕು, ಬೇರೆ ಗೋಡೆಯ ಸಾಕೆಟ್ಟಿಗೆ ಬೇಡ.

ರೀಡಿಂಗ್ ಬರೆದ ಚೀಟಿ ಮತ್ತು ಲೇಬಲ್ ಫೋಟೋ ಇಲ್ಲೇ ಹಾಕು, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿಯವರಿಗೆ ಅಡ್ವಾನ್ಸ್ ಕೊಡಬೇಡ.